ಬಲದಿಂದ ಬರುವ ಸಾಲಿಗೆ ಬಲವಂತ ಬೇಡ

ಕುಂಡಯಿಯ ಕೈಗಾರಿಕಾ ವಸಾಹತಿನ ಕೆಲಸಕ್ಕೆಂದು ವಿಜಯಪುರ, ಬಾಗಲಕೋಟೆ, ಗದಗ, ಹುಬ್ಬಳ್ಳಿ ಕಡೆಯಿಂದ ಬಂದು ನೆಲೆನಿಂತ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ಕಾರ್ಡಿನ ಮಾತು ಬರುತ್ತದೆ. ಮುಸ್ಲಿಂ ಮನೆಯಾದರೆ ಎರಡು ಲಿಪಿ ಬೇಕು. ಊರಲ್ಲಿ ಕನ್ನಡ ಶಾಲೆ ಕಲಿತವರಿಗೆ ಕನ್ನಡ, ಮದರಸಾದಲ್ಲಿ ಅಕ್ಷರ ಕಲಿತ ಹಿರಿಯರಿಗೆ ಉರ್ದು. ಕಂಪ್ಯೂಟರ್ ಬಲ್ಲ ಹುಡುಗ ಅಥವಾ ಹುಡುಗಿ ಮನೆಯಲ್ಲಿ ಇದ್ದೇ ಇರುತ್ತಾರಲ್ಲ, ಕೆಲಸ ಅವರ ತಲೆಗೆ ಬೀಳುತ್ತದೆ. ಆ ಹುಡುಗ, ಆ ಹುಡುಗಿ ನೀವೇ ಆಗಿದ್ದರೆ ನಾನು ಹೇಳುವುದನ್ನು ಸ್ವಲ್ಪ ತಾಳ್ಮೆಯಿಂದ ಕೇಳಿ.

ಮೊದಲು ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ನೀವು ಇರುವುದು ಗೋವಾದಲ್ಲಿ. ಇಲ್ಲಿಯ ಅಧಿಕೃತ ಭಾಷೆ ದೇವನಾಗರಿ ಲಿಪಿಯ ಕೊಂಕಣಿ. ಪಣಜಿಯಲ್ಲಾಗಲಿ ಫೋಂಡಾದಲ್ಲಾಗಲಿ ಪ್ರೆಸ್ಸಿಗೆ ಹೋದರೆ ದೇವನಾಗರಿ ಓದುವವರು ಸಿಗುತ್ತಾರೆ, ಇಂಗ್ಲಿಷ್ ಓದುವವರು ಸಿಗುತ್ತಾರೆ. ಕನ್ನಡ, ಉರ್ದು ಎರಡನ್ನೂ ಓದಬಲ್ಲ ಒಬ್ಬರೇ ಸಿಗುವುದು ಅಪರೂಪ. ನೀವು ಕೊಟ್ಟ ಫೈಲಿನಲ್ಲಿ ಸಾಲು ತಿರುಗುಮುರುಗಾಗಿದ್ದರೆ ಅವರಿಗೆ ಗೊತ್ತಾಗುವುದಿಲ್ಲ, ಹಾಗೆಯೇ ಅಚ್ಚಾಗಿ ಬರುತ್ತದೆ. ಕಾರ್ಡು ಹಂಚಿದ ಮೇಲೆ ಅಯ್ಯೋ ಅಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಫೈಲು ನಿಮ್ಮ ಕೈಯಲ್ಲಿರುವಾಗಲೇ ಸರಿಯಾಗಬೇಕು.

ನಿಮ್ಮಲ್ಲಿ ಬಹಳ ಜನ ಮಾಡುವ ತಪ್ಪು ಯಾವುದು ಹೇಳಲೇ? ಉರ್ದು ಸಾಲನ್ನು ಟೈಪ್ ಮಾಡಿ, ಮೇಲಿರುವ ಬಲಕ್ಕೆ ಸರಿಸುವ ಗುಂಡಿ ಒತ್ತಿ, ಸಾಲು ಬಲ ಅಂಚಿಗೆ ಹೋದದ್ದನ್ನು ನೋಡಿ ಕೆಲಸ ಮುಗಿಯಿತು ಅಂದುಕೊಳ್ಳುತ್ತೀರಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆ ಗುಂಡಿ ಸಾಲನ್ನು ಬಲ ಅಂಚಿಗೆ ಒರಗಿಸುತ್ತದೆ, ಅಷ್ಟೇ. ಆ ಪ್ಯಾರಾದ ದಿಕ್ಕು ಇನ್ನೂ ಎಡದಿಂದ ಬಲಕ್ಕೇ ಇರುತ್ತದೆ. ಉರ್ದು ಪದದ ಒಳಗಿನ ಅಕ್ಷರಗಳು ಬಲದಿಂದ ಎಡಕ್ಕೆ ಸರಿಯಾಗಿಯೇ ಕೂಡುತ್ತವೆ, ಆದ್ದರಿಂದ ತಪ್ಪು ಒಮ್ಮೆಗೇ ಕಣ್ಣಿಗೆ ಬೀಳುವುದಿಲ್ಲ. ಸಾಲಿನಲ್ಲಿ ಒಂದು ಅಂಕಿಯೋ, ಚಿಹ್ನೆಯೋ, ನಡುವೆ ಒಂದು ಕನ್ನಡ ಪದವೋ ಬಂದ ಕೂಡಲೇ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸ್ಥಿತಿಯಾಗುತ್ತದೆ.

ಪರೀಕ್ಷೆ ಸುಲಭ. ಬರೀ ಉರ್ದು ಇರುವ ಸಾಲಿನ ಕೊನೆಗೆ ಹೋಗಿ ಒಂದು ಆಶ್ಚರ್ಯಸೂಚಕ ಚಿಹ್ನೆ ಒತ್ತಿ. ಅದು ಸಾಲಿನ ಎಡತುದಿಗೆ ಬಂದು ನಿಂತರೆ ದಿಕ್ಕು ಸರಿಯಿದೆ. ಬಲತುದಿಗೆ, ಅಂದರೆ ವಾಕ್ಯ ಶುರುವಾಗುವ ಕಡೆಗೆ ಹಾರಿದರೆ ದಿಕ್ಕು ತಪ್ಪಿದೆ. ನೋಡಿದ ಮೇಲೆ ಚಿಹ್ನೆ ಅಳಿಸಿಬಿಡಿ. ದಿಕ್ಕನ್ನು ಸರಿ ಮಾಡಲು ವರ್ಡಿನಲ್ಲಿ ಪ್ಯಾರಾದ ಒಳಗೆ ಕರ್ಸರ್ ಇಟ್ಟು `Ctrl` ಜೊತೆಗೆ ಬಲಗಡೆಯ `Shift` ಒತ್ತಬೇಕು. ಮತ್ತೆ ಕನ್ನಡದ ದಿಕ್ಕಿಗೆ ತರಬೇಕಾದರೆ `Ctrl` ಜೊತೆಗೆ ಎಡಗಡೆಯ `Shift`. ಒತ್ತಿದರೂ ಏನೂ ಆಗುತ್ತಿಲ್ಲ ಎಂದರೆ ಕಂಪ್ಯೂಟರಿನ ಭಾಷೆಗಳ ಪಟ್ಟಿಗೆ ಉರ್ದು ಸೇರಿಲ್ಲ ಎಂದು ಅರ್ಥ. ವಿಂಡೋಸ್ ಸೆಟ್ಟಿಂಗ್ಸಿಗೆ ಹೋಗಿ ಉರ್ದು ಕೀಬೋರ್ಡ್ ಸೇರಿಸಿ ಬನ್ನಿ. ಅರಬಿ ಕೀಬೋರ್ಡ್ ಇದೆಯಲ್ಲ, ಅದರಲ್ಲೇ ಸಾಗಿಸೋಣ ಅನ್ನಬೇಡಿ. ಉರ್ದುವಿನ ಕಾಫ್, ಯೇ, ಹೇ ಅಕ್ಷರಗಳಿಗೆ ಯೂನಿಕೋಡಿನಲ್ಲಿ ಬೇರೆಯೇ ಸಂಕೇತಗಳಿವೆ. ಅರಬಿಯಲ್ಲಿ ಹೊಡೆದ ಹೆಸರು ನೋಡಲು ಹೆಚ್ಚೂಕಡಿಮೆ ಒಂದೇ ಥರ ಕಂಡರೂ ಹುಡುಕಿದಾಗ ಸಿಗುವುದಿಲ್ಲ. ಕೆಲವು ಫಾಂಟುಗಳಲ್ಲಿ ಆಕಾರವೂ ಬೇರೆಯಾಗಿ ಬರುತ್ತದೆ.

ಇನ್ನೊಂದು ಕೆಟ್ಟ ಅಭ್ಯಾಸವಿದೆ, ಅದನ್ನಂತೂ ಇವತ್ತೇ ಬಿಟ್ಟುಬಿಡಿ. ಪರದೆಯ ಮೇಲೆ ಸರಿಯಾಗಿ ಕಾಣಲಿ ಎಂದು ಪದಗಳನ್ನು ಹಿಂದುಮುಂದಾಗಿ ಟೈಪ್ ಮಾಡುವುದು, ಸ್ಪೇಸ್ ಮೇಲೆ ಸ್ಪೇಸ್ ಒತ್ತಿ ಒಂದು ಪದವನ್ನು ಅತ್ತ ತಳ್ಳುವುದು. ಕಂಪ್ಯೂಟರ್ ಅಕ್ಷರಗಳನ್ನು ಕಂಡ ಕ್ರಮದಲ್ಲಿ ಇಟ್ಟುಕೊಳ್ಳುವುದಿಲ್ಲ, ನೀವು ಒತ್ತಿದ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ತೋರಿಸುವಾಗ ಮಾತ್ರ ಯೂನಿಕೋಡಿನ ದ್ವಿಮುಖ ನಿಯಮದ ಪ್ರಕಾರ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಜೋಡಿಸುತ್ತದೆ. ಬಾಯಲ್ಲಿ ಓದುವ ಕ್ರಮದಲ್ಲೇ ಒತ್ತಬೇಕು ಎನ್ನುವುದು ಅದಕ್ಕೇ. ಹಿಂದುಮುಂದಾಗಿ ಹೊಡೆದದ್ದು ನಿಮ್ಮ ಪರದೆಯಲ್ಲಿ ಚೆಂದ ಕಾಣಬಹುದು. ಅದನ್ನೇ ವಾಟ್ಸಾಪಿಗೆ ಅಂಟಿಸಿದಾಗ, ಸಾಲಿನ ಅಗಲ ಬದಲಾಗಿ ಪದಗಳು ಕೆಳಗಿಳಿದಾಗ, ಅಥವಾ ಮುಂದೆ ಯಾರೋ ದಿಕ್ಕನ್ನು ಸರಿ ಮಾಡಿದಾಗ ಇಡೀ ವಾಕ್ಯ ತಲೆಕೆಳಗಾಗುತ್ತದೆ. ಕಂಸ ಹಾಕುವಾಗಲೂ ಇದೇ ಮಾತು. ಆಕಾರ ನೋಡಿ ಹಾಕಬೇಡಿ. ಮೊದಲು ತೆರೆಯುವ ಕಂಸ, ಆಮೇಲೆ ಮುಚ್ಚುವ ಕಂಸ ಎಂದು ಹಾಕಿ. ಬಲದಿಂದ ಬರುವ ಸಾಲಿನಲ್ಲಿ ಕಂಪ್ಯೂಟರೇ ಅದರ ಮುಖವನ್ನು ತಿರುಗಿಸಿ ತೋರಿಸುತ್ತದೆ.

ಪೂರ್ಣವಿರಾಮದ ವಿಷಯಕ್ಕೆ ಬರೋಣ. ಉರ್ದುವಿಗೆ ತನ್ನದೇ ಪೂರ್ಣವಿರಾಮವಿದೆ, ಅಡ್ಡಗೆರೆಯ ಹಾಗೆ ಕಾಣುತ್ತದೆ, ಯೂನಿಕೋಡಿನಲ್ಲಿ ಅದರ ಸಂಕೇತ `U+06D4`. ಇದನ್ನು ಉರ್ದು ಅಕ್ಷರದ ಹಾಗೆಯೇ ಬಲದಿಂದ ಎಡಕ್ಕೆ ಸಾಗುವ ಗಟ್ಟಿ ಚಿಹ್ನೆ ಎಂದು ಪರಿಗಣಿಸಲಾಗಿದೆ. ಆದ್ದರಿಂದ ಕನ್ನಡ ಪ್ಯಾರಾದ ನಡುವೆ ಉರ್ದು ವಾಕ್ಯ ಬಂದರೂ ಇದು ವಾಕ್ಯದ ಬಾಲವನ್ನು ಬಿಟ್ಟು ಕದಲುವುದಿಲ್ಲ. ನಾವು ಕನ್ನಡಕ್ಕೆ ಹಾಕುವ ಚುಕ್ಕೆಗೆ ಸ್ವಂತ ದಿಕ್ಕಿಲ್ಲ, ಸುತ್ತಮುತ್ತ ಇರುವವರನ್ನು ನೋಡಿ ನಿಲ್ಲುತ್ತದೆ. ಉರ್ದು ಪ್ರಶ್ನಾರ್ಥಕ ಚಿಹ್ನೆಯೂ ಗಟ್ಟಿಯದೇ. ಹೀಗಿರುವಾಗ ಉರ್ದು ವಾಕ್ಯಕ್ಕೆ ಉರ್ದು ಕೀಬೋರ್ಡಿನಿಂದಲೇ ವಿರಾಮ ಹಾಕಿದರೆ ಅರ್ಧ ತೊಂದರೆ ಅಲ್ಲೇ ತೀರಿತು.

ಉಳಿದ ಅರ್ಧ ಇರುವುದು ಅಂಕಿಗಳಲ್ಲಿ. ಇಲ್ಲಿ ನಿಧಾನವಾಗಿ ಕೇಳಿ, ಮದುವೆ ಕಾರ್ಡಿನಲ್ಲಿ ಜನ ನಿಜವಾಗಿ ನೋಡುವುದು ದಿನಾಂಕ ಮತ್ತು ಫೋನ್ ನಂಬರನ್ನೇ.

ಉರ್ದು ಪ್ಯಾರಾದಲ್ಲಿ, ಉರ್ದುವಿನಲ್ಲೇ ಫೋನ್ ಎಂದು ಬರೆದು, ಅದರ ಮುಂದೆ ನಂಬರ್ ಹಾಕಿದಿರಿ ಅಂತಿಟ್ಟುಕೊಳ್ಳಿ. ನಂಬರ್ ಸುಮ್ಮನೆ ಉದಾಹರಣೆಗೆ. ನೀವು ಒತ್ತಿದ್ದು ಮೇಲಿನ ಸಾಲು, ಕಾಣುವುದು ಕೆಳಗಿನ ಸಾಲು:

```
+91 12345-67890
67890-12345 91+
```

ಅಂಕಿಯ ಒಂದೊಂದು ತುಂಡಿನ ಒಳಗೆ ಎಲ್ಲ ಸರಿಯಾಗಿದೆ, ಉರ್ದುವಿನಲ್ಲೂ ಅಂಕಿಗಳನ್ನು ಎಡದಿಂದ ಬಲಕ್ಕೇ ಬರೆಯುತ್ತಾರೆ. ತುಂಡುಗಳು ಮಾತ್ರ ಜಾಗ ಬದಲಾಯಿಸಿವೆ. ಕಾರಣ ಇದು: ಉರ್ದು ಅಕ್ಷರದ ನಂತರ ಬಂದ ಅಂಕಿಯನ್ನು ಕಂಪ್ಯೂಟರ್ ಅರಬಿ ಅಂಕಿಯ ಲೆಕ್ಕಕ್ಕೆ ಸೇರಿಸುತ್ತದೆ. ಆಗ ನಡುವಿನ ಅಡ್ಡಗೆರೆಗೆ, ಖಾಲಿ ಜಾಗಕ್ಕೆ, ಕೂಡಿಸುವ ಚಿಹ್ನೆಗೆ ಅಂಕಿಗಳನ್ನು ಕಟ್ಟಿಹಿಡಿಯುವ ಶಕ್ತಿ ಉಳಿಯುವುದಿಲ್ಲ, ಅವು ಉರ್ದುವಿನ ದಿಕ್ಕಿಗೆ ಹೋಗುತ್ತವೆ. ಅದೇ ನಂಬರನ್ನು ಮುಂದೆ ಉರ್ದು ಪದವಿಲ್ಲದೆ ಒಂಟಿಯಾಗಿ ಒಂದು ಪ್ಯಾರಾದಲ್ಲಿ ಇಟ್ಟರೆ ಅಡ್ಡಗೆರೆ ಎರಡು ತುಂಡುಗಳನ್ನು ಹಿಡಿದುಕೊಳ್ಳುತ್ತದೆ, ಆದರೆ ಪ್ಯಾರಾ ಉರ್ದು ದಿಕ್ಕಿನದಾಗಿದ್ದರೆ `+91` ಇನ್ನೂ ಬಲಕ್ಕೇ ಹೋಗುತ್ತದೆ. ಒಂದು ಸಾಲಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಕಂಡಾಗ ಕಂಪ್ಯೂಟರ್ ಕೆಟ್ಟಿದೆ ಎಂದು ಬೈಯಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದು ತನ್ನ ನಿಯಮವನ್ನು ಪಾಲಿಸಿದೆ, ನೀವು ಅದಕ್ಕೆ ಹೇಳಬೇಕಾದದ್ದನ್ನು ಹೇಳಿಲ್ಲ.

ಹೇಳುವುದು ಹೇಗೆ? ನಂಬರಿನ ಮುಂದೆ, ಕೂಡಿಸುವ ಚಿಹ್ನೆಗೂ ಮೊದಲು, ಎಡದಿಂದ ಬಲಕ್ಕೆ ಎಂದು ಹೇಳುವ ಒಂದು ಕಾಣದ ಗುರುತು ಇಡಬೇಕು. ಅದರ ಸಂಕೇತ `U+200E`. ವರ್ಡಿನಲ್ಲಿ ಆ ಜಾಗದಲ್ಲಿ `200E` ಎಂದು ಟೈಪ್ ಮಾಡಿ ಕೂಡಲೇ `Alt+X` ಒತ್ತಿದರೆ ನಾಲ್ಕು ಅಕ್ಷರ ಮಾಯವಾಗಿ ಗುರುತು ಕೂತಿರುತ್ತದೆ. ಲಿಬ್ರೆ ಆಫೀಸಿನಲ್ಲಿ `Insert` ಪಟ್ಟಿಯ `Formatting Mark` ಒಳಗೆ ಇದು ಸಿಗುತ್ತದೆ. ಪರದೆಯಲ್ಲಿ ಏನೂ ಕಾಣುವುದಿಲ್ಲ, ಕಾಗದದಲ್ಲೂ ಏನೂ ಬರುವುದಿಲ್ಲ, ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲೊಂದು ಕನ್ನಡ ಅಕ್ಷರ ಇದ್ದ ಹಾಗೆ. ಅದರ ನಂತರ ಬಂದ ಅಂಕಿಗಳು ಉರ್ದುವಿನ ಹಿಂದೆ ಹೋಗುವುದನ್ನು ಬಿಟ್ಟು ಇದರ ಹಿಂದೆ ಬರುತ್ತವೆ, ಇಡೀ ನಂಬರ್ ಒಂದೇ ಕಟ್ಟಾಗಿ ನಿಲ್ಲುತ್ತದೆ. ಒಂದೇ ಗುರುತು ಸಾಕು. ಭಯಕ್ಕೆ ನಾಲ್ಕೈದು ಹಾಕಿದರೆ ಮುಂದೆ ತಿದ್ದುವಾಗ ಯಾವುದು ಎಲ್ಲಿದೆ ಎಂದು ನಿಮಗೇ ತಿಳಿಯುವುದಿಲ್ಲ. ವರ್ಡಿನ ಮಟ್ಟಿಗೆ ಇನ್ನೊಂದು ಎಚ್ಚರ: ಒತ್ತುವಾಗ ಯಾವ ಕೀಬೋರ್ಡ್ ಇತ್ತು ಎನ್ನುವುದನ್ನೂ ಅದು ನೆನಪಿಟ್ಟುಕೊಂಡು ದಿಕ್ಕು ನಿರ್ಧರಿಸುತ್ತದೆ. ಫೋನ್ ನಂಬರ್ ಒತ್ತುವ ಮುನ್ನ ಉರ್ದು ಕೀಬೋರ್ಡಿನಿಂದ ಇಂಗ್ಲಿಷಿಗೆ ಬನ್ನಿ.

ಕಾಣದ ಗುರುತಿನ ತಂಟೆಯೇ ಬೇಡ ಅನ್ನುವವರಿಗೆ ಸಾದಾ ದಾರಿಯೂ ಇದೆ. ನಂಬರನ್ನು ಉರ್ದು ವಾಕ್ಯದ ಒಳಗೆ ತುರುಕದೆ ಬೇರೆ ಪ್ಯಾರಾ ಮಾಡಿ, ಆ ಪ್ಯಾರಾಕ್ಕೆ ಎಡದಿಂದ ಬಲದ ದಿಕ್ಕು ಕೊಟ್ಟು, ಸಾಲನ್ನು ಬಲ ಅಂಚಿಗೆ ಒರಗಿಸಿ. ಮೊದಲು ಬೇಡ ಅಂದ ಗುಂಡಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾರ್ಡಿನ ಮಟ್ಟಿಗೆ ನನಗೆ ಇದೇ ಹೆಚ್ಚು ಇಷ್ಟ. ಹಿರಿಯರ ಕಣ್ಣಿಗೂ ಒಂಟಿ ಸಾಲಿನ ನಂಬರ್ ಬೇಗ ಸಿಗುತ್ತದೆ.

ಕನ್ನಡದ ಕಡೆಯ ಪುಟದಲ್ಲಿ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ಕನ್ನಡ ಸಾಲಿನ ನಡುವೆ ಯಾರದೋ ಹೆಸರನ್ನು ಉರ್ದುವಿನಲ್ಲಿ ಬರೆದು ಪಕ್ಕದಲ್ಲೇ ನಂಬರ್ ಹಾಕಿ ನೋಡಿ. ನಂಬರ್ ಹೆಸರಿನ ಎಡಗಡೆಗೆ ಹೋಗಿ ಕೂತಿರುತ್ತದೆ, ಅಡ್ಡಗೆರೆಯ ಆಚೀಚಿನ ತುಂಡುಗಳೂ ಅದಲುಬದಲಾಗಿರುತ್ತವೆ. ಇಲ್ಲಿ ಔಷಧ ಇನ್ನೂ ಸುಲಭ. ಉರ್ದು ಹೆಸರಿಗೂ ನಂಬರಿಗೂ ನಡುವೆ ಫೋನ್ ಅಂತಲೋ ಮೊಬೈಲ್ ಅಂತಲೋ ಒಂದು ಕನ್ನಡ ಪದ ಇಡಿ. ನಂಬರ್ ಆ ಕನ್ನಡ ಪದವನ್ನು ಹಿಂಬಾಲಿಸುತ್ತದೆ, ಎಲ್ಲ ಸರಿಯಾಗುತ್ತದೆ.

ದಿನಾಂಕಕ್ಕೆ ಒಂದು ಸಣ್ಣ ಉಪಾಯ ಹೇಳುತ್ತೇನೆ. ಉರ್ದು ಪದದ ನಂತರ ಅಡ್ಡಗೆರೆ ಹಾಕಿ 12-05-2025 ಎಂದು ಒತ್ತಿದರೆ 2025-05-12 ಎಂದು ಕಾಣುತ್ತದೆ. ವರ್ಷ ಮೊದಲು ಬರುವ ಕ್ರಮವೂ ಲೋಕದಲ್ಲಿ ಇರುವುದರಿಂದ ತಪ್ಪಾಗಿದೆ ಎಂದೇ ಯಾರಿಗೂ ಅನಿಸುವುದಿಲ್ಲ. ಅದನ್ನೇ ಓರೆಗೆರೆ ಹಾಕಿ 12/05/2025 ಎಂದೋ, ಚುಕ್ಕೆ ಹಾಕಿ 12.05.2025 ಎಂದೋ ಒತ್ತಿದರೆ ಹಾಗೆಯೇ ನಿಲ್ಲುತ್ತದೆ. ಯೂನಿಕೋಡಿನ ನಿಯಮದಲ್ಲಿ ಓರೆಗೆರೆ, ಚುಕ್ಕೆ, ವಿವರಣೆಯ ಎರಡು ಚುಕ್ಕೆ ಇವು ಅರಬಿ ಅಂಕಿಗಳ ನಡುವೆಯೂ ಕೊಂಡಿಯಾಗುತ್ತವೆ, ಅಡ್ಡಗೆರೆ ಆಗುವುದಿಲ್ಲ. ಪ್ಲಾಟ್ ನಂಬರಿನ 42/3, ನಿಕಾಹ್ ಹೊತ್ತಿನ 11:30 ಸುರಕ್ಷಿತ. ಆದರೂ ಕಾರ್ಡಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವುದೇ ಲೇಸು. 12 ಮೇ 2025 ಎಂದು ಆಯಾ ಭಾಷೆಯಲ್ಲಿ ಬರೆದರೆ ಯಾವ ತುದಿಯಿಂದ ಓದಿದರೂ ತಪ್ಪು ಅರ್ಥವಾಗುವುದಿಲ್ಲ.

ಕನ್ನಡ ಅಂಕಿ ಹಾಕಬಹುದೇ ಎಂದು ಕೇಳುತ್ತೀರಿ. ಕನ್ನಡ ಪುಟದಲ್ಲಿ ಧಾರಾಳವಾಗಿ ಹಾಕಿ. ೦ ರಿಂದ ೯ ರವರೆಗಿನ ನಮ್ಮ ಅಂಕಿಗಳನ್ನು ಯೂನಿಕೋಡ್ ಕನ್ನಡ ಅಕ್ಷರಗಳ ಹಾಗೆಯೇ ಎಡದಿಂದ ಬಲದ ಗಟ್ಟಿ ದಿಕ್ಕಿನವು ಎಂದು ಇಟ್ಟಿದೆ. ಉರ್ದು ಪಕ್ಕದಲ್ಲಿ ಇದ್ದರೂ ಅವುಗಳ ಕ್ರಮ ಕೆಡುವುದಿಲ್ಲ. ಉರ್ದು ಪುಟದಲ್ಲಿ ಮಾತ್ರ ಬೇಡ, ಓದುವವರಿಗೆ ಅರ್ಥವಾಗಬೇಕಲ್ಲ.

ಇಷ್ಟೆಲ್ಲ ಓದಿ ತಲೆ ಬಿಸಿಯಾದರೆ ನಿಮ್ಮ ಪರ್ಸಿನಲ್ಲಿರುವ ಒಂದು ನೋಟು ತೆಗೆದು ಹಿಂಬದಿ ನೋಡಿ. ಅಲ್ಲಿಯ ಭಾಷೆಗಳ ಪಟ್ಟಿಯಲ್ಲಿ 15 ಭಾಷೆಗಳಿವೆ, ನಾಲ್ಕನೆಯದು ಕನ್ನಡ, ಕೊನೆಯದು ಉರ್ದು. ಒಂದೊಂದು ಭಾಷೆಗೂ ಅದರದೇ ಸಾಲು. ನೀವೂ ಸಾಧ್ಯವಾದಷ್ಟು ಹಾಗೇ ಮಾಡಿ. ಒಂದು ಪ್ಯಾರಾಕ್ಕೆ ಒಂದು ಲಿಪಿ, ಒಂದು ದಿಕ್ಕು. ಕಾರ್ಡಿನ ಕನ್ನಡ ಪುಟದಲ್ಲಿ ಹೆಸರನ್ನು ಕನ್ನಡದಲ್ಲೇ ಬರೆಯಿರಿ, ಉರ್ದು ಪುಟದಲ್ಲಿ ಕುಂಡಯಿಯನ್ನೂ ಉರ್ದುವಿನಲ್ಲೇ ಬರೆಯಿರಿ. ಪಕ್ಕಪಕ್ಕದಲ್ಲಿ ಬೇಕೇ ಬೇಕಾದರೆ ಎರಡು ಮನೆಯ ಟೇಬಲ್ ಹಾಕಿ, ಎಡಮನೆಯ ಪ್ಯಾರಾಕ್ಕೆ ಕನ್ನಡದ ದಿಕ್ಕು, ಬಲಮನೆಯ ಪ್ಯಾರಾಕ್ಕೆ ಉರ್ದುವಿನ ದಿಕ್ಕು ಕೊಡಿ. ಟ್ಯಾಬ್ ಒತ್ತಿ ಒಂದೇ ಸಾಲಿನಲ್ಲಿ ಎರಡನ್ನೂ ಕೂರಿಸಲು ಹೋಗಬೇಡಿ.

ಇನ್ನು ಫಾಂಟು. ಉರ್ದು ಓದುವ ಹಿರಿಯರಿಗೆ ನಸ್ತಲೀಕ್ ಬೇಕು. ಕಂಪ್ಯೂಟರ್ ತಾನಾಗಿ ಹಾಕುವ ನಸ್ಖ್ ಶೈಲಿ ಅರಬಿ ಪುಸ್ತಕದ್ದು. ಅದನ್ನು ಅವರು ಓದಬಲ್ಲರು, ಆದರೆ ಮನೆಯ ಮದುವೆ ಕಾರ್ಡು ಅನಿಸುವುದಿಲ್ಲ. `Noto Nastaliq Urdu` ಪುಕ್ಕಟೆ ಸಿಗುತ್ತದೆ, ವಿಂಡೋಸಿನಲ್ಲಿ `Urdu Typesetting` ಸಿಗುತ್ತದೆ, `Jameel Noori Nastaleeq` ಅನ್ನೂ ಬಹಳ ಜನ ಬಳಸುತ್ತಾರೆ. ನಸ್ತಲೀಕಿನಲ್ಲಿ ಪದ ಬಲಮೇಲಿನಿಂದ ಎಡಕೆಳಕ್ಕೆ ಇಳಿಯುತ್ತದೆ, ಆದ್ದರಿಂದ ಸಾಲಿಗೆ ಹೆಚ್ಚು ಎತ್ತರ ಬೇಕು. ಕನ್ನಡದ ಪುಟ ಚೊಕ್ಕಟವಾಗಿರಲಿ ಎಂದು ಸಾಲಿನ ಅಂತರಕ್ಕೆ `Exactly` ಎಂದು ಕೊಟ್ಟಿದ್ದರೆ ಉರ್ದು ಪದಗಳ ತಲೆ ಕತ್ತರಿಸಿ ಹೋಗುತ್ತದೆ. ಅಲ್ಲಿ `At least` ಎಂದು ಕೊಡಿ, ಇಲ್ಲವೇ ಒಂದೂವರೆ ಪಟ್ಟು ಕೊಡಿ. ಪರದೆಯಲ್ಲಿ ತಲೆ ಸರಿಯಾಗಿ ಕಂಡರೂ ಒಂದು ಪ್ರತಿ ಮುದ್ರಿಸಿ ನೋಡಿ, ಅಕ್ಷರದ ಗಾತ್ರ ಕನ್ನಡಕ್ಕೆ ಸಮವಾಗಿ ಕಾಣುತ್ತದೆಯೇ ಎನ್ನುವುದು ಕಾಗದದ ಮೇಲೇ ಗೊತ್ತಾಗುವುದು. ಚೆಂದಕ್ಕೆಂದು ಅಕ್ಷರಗಳ ನಡುವಿನ ಅಂತರ ಹಿಗ್ಗಿಸಬೇಡಿ. ಕೂಡಿ ಬರೆಯಬೇಕಾದ ಉರ್ದು ಅಕ್ಷರಗಳು ಬಿಟ್ಟುಹೋಗುತ್ತವೆ.

ಲಿಬ್ರೆ ಆಫೀಸ್ ಬಳಸುವವರಿಗೆ ಒಂದು ವಿಶೇಷ ಮಾತು. ಅದು ಫಾಂಟುಗಳನ್ನು ಪಾಶ್ಚಾತ್ಯ, ಪೂರ್ವ ಏಷ್ಯಾದ, ಸಂಕೀರ್ಣ ಲಿಪಿಯ ಎಂದು ಮೂರು ಪಾಲು ಮಾಡಿ ಇಟ್ಟುಕೊಳ್ಳುತ್ತದೆ. ಕನ್ನಡವೂ ಉರ್ದುವೂ ಮೂರನೆಯ ಪಾಲಿಗೇ ಸೇರುತ್ತವೆ. ಒಂದು ಶೈಲಿಯಲ್ಲಿ ಆ ಪಾಲಿಗೆ ಒಂದೇ ಫಾಂಟು. ಇಡೀ ದಸ್ತಾವೇಜನ್ನು ಆರಿಸಿಕೊಂಡು ಕನ್ನಡದ ಫಾಂಟು ಕೊಟ್ಟರೆ ಉರ್ದುವಿನ ನಸ್ತಲೀಕ್ ಹೋಯಿತು, ನಸ್ತಲೀಕ್ ಕೊಟ್ಟರೆ ಕನ್ನಡದ ಫಾಂಟು ಹೋಯಿತು. ಆಗ ಯಾವುದೋ ಮೂರನೆಯ ಫಾಂಟಿನಲ್ಲಿ ಅಕ್ಷರಗಳು ಕಾಣುತ್ತವೆ, ನಿಮಗೆ ಯಾಕೆಂದು ತಿಳಿಯುವುದಿಲ್ಲ. ಅದಕ್ಕೆ `F11` ಒತ್ತಿ ಎರಡು ಪ್ಯಾರಾ ಶೈಲಿ ಮಾಡಿಕೊಳ್ಳಿ. ಒಂದರಲ್ಲಿ ಕನ್ನಡದ ಫಾಂಟು, ಕನ್ನಡ ಭಾಷೆ, ಎಡದಿಂದ ಬಲ. ಇನ್ನೊಂದರಲ್ಲಿ ನಸ್ತಲೀಕ್, ಉರ್ದು ಭಾಷೆ, ಬಲದಿಂದ ಎಡ, ಸಾಲಿನ ಅಂತರ ಹೆಚ್ಚು. ಆಮೇಲೆ ಪ್ಯಾರಾಕ್ಕೆ ಶೈಲಿ ಹಚ್ಚುತ್ತಾ ಹೋದರೆ ಸಾಕು, ಒಂದೊಂದನ್ನೂ ಕೈಯಿಂದ ತಿದ್ದುವ ಗೋಳು ತಪ್ಪುತ್ತದೆ. ವರ್ಡಿನವರೂ ಹೀಗೇ ಮಾಡಿದರೆ ನಷ್ಟವೇನಿಲ್ಲ.

ಊರಿನಿಂದ ಬಂದ ಹಳೆಯ ಫೈಲುಗಳ ಬಗ್ಗೆ ಎಚ್ಚರ. ಅಣ್ಣನ ಮದುವೆಯ ಕಾರ್ಡು ಇತ್ತಲ್ಲ, ಅದರಲ್ಲೇ ಹೆಸರು ಬದಲಾಯಿಸೋಣ ಅಂದುಕೊಳ್ಳುತ್ತೀರಿ. ಕನ್ನಡ ಭಾಗ ನುಡಿಯ ಹಳೆಯ ಅಕ್ಷರಶೈಲಿಯಲ್ಲಿದ್ದರೆ ಅದು ಕನ್ನಡವಾಗಿ ಕಾಣುತ್ತದೆ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟು ತೆಗೆದರೆ ಕನ್ನಡ ಎಂಬ ಪದ ಹೀಗೆ ಕಾಣುತ್ತದೆ:

```
PÀ£ÀßqÀ
```

ಅಲ್ಲಿರುವ ಪೌಂಡ್ ಚಿಹ್ನೆ ನೋಡಿದಿರಾ? ಮುಂದಿನ ಅಕ್ಷರದ ಜೊತೆ ಸೇರಿ ನ ಆಗುವುದು ಅದೇ. ಅಕ್ಷರಕ್ಕೆ ದಿಕ್ಕಿದೆ, ಹಣದ ಚಿಹ್ನೆಗೆ ಗಟ್ಟಿ ದಿಕ್ಕಿಲ್ಲ. ಪದದ ನಡುವೆ ಇದ್ದಾಗ ಎರಡೂ ಕಡೆಯ ಅಕ್ಷರಗಳು ಅದನ್ನು ಹಿಡಿದುಕೊಳ್ಳುತ್ತವೆ. ಆದರೆ ಉರ್ದು ಪ್ಯಾರಾದ ಒಳಗೆ, ಉರ್ದು ಪದದ ಬೆನ್ನಿಗೆ, ನ ದಿಂದ ಶುರುವಾಗುವ ಕನ್ನಡ ಪದ ಬಂತೆಂದರೆ ಪೌಂಡ್ ಚಿಹ್ನೆ ಪದವನ್ನು ಬಿಟ್ಟು ಅದರ ಬಲಗಡೆಗೆ ಹೋಗುತ್ತದೆ, ಅಕ್ಷರ ಒಡೆದು ಎರಡಾಗುತ್ತದೆ. ಹಳೆಯ ಇನ್‌ಪೇಜ್ ಫೈಲಿನ ಉರ್ದುವೂ ಯೂನಿಕೋಡ್ ಅಲ್ಲ, ಹಾಗೇ ನಕಲು ಮಾಡಿ ವರ್ಡಿಗೆ ಅಂಟಿಸಿದರೆ ಓದಲು ಬರುವುದಿಲ್ಲ. ಎರಡನ್ನೂ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಮೂಲದ ಮುದ್ರಿತ ಪ್ರತಿ ಎದುರಿಗಿಟ್ಟುಕೊಂಡು ಹೆಸರು, ಒತ್ತಕ್ಷರ, ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿ. ಎರಡು ಪುಟದ ಕಾರ್ಡಾದರೆ ನನ್ನ ಕೇಳಿದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ ಆಗುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಬೇಡ. ಫೈಲು ಗೋಜಲಾಗಿದೆ ಎಂದು ಕಾಣದ ಚಿಹ್ನೆಗಳನ್ನೆಲ್ಲ ಒಮ್ಮೆಗೇ ಅಳಿಸುವ ಸಾಧನಗಳಿಗೆ ಕೈ ಹಾಕಬೇಡಿ. ದಿಕ್ಕಿನ ಗುರುತುಗಳ ಜೊತೆಗೆ ಕನ್ನಡಕ್ಕೆ ಬೇಕಾದ, ಒತ್ತಕ್ಷರ ಆಗದಂತೆ ತಡೆಯುವ ಗುರುತು `U+200C` ಕೂಡ ಹೋಗಿಬಿಡುತ್ತದೆ. ಫೇಸ್‌ಬುಕ್ ಎಂಬ ಪದದಲ್ಲಿ ಸ ದ ಕೆಳಗೆ ಬ ಒತ್ತಾಗಿ ಇಳಿದದ್ದು ಕಂಡರೆ ಇದೇ ಆಗಿದೆ ಎಂದು ತಿಳಿಯಿರಿ.

ಪ್ರೆಸ್ಸಿಗೆ ವರ್ಡ್ ಫೈಲನ್ನು ಒಂದೇ ಕೊಡಬೇಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟು ಇರುವುದಿಲ್ಲ. ಫಾಂಟು ಒಳಗೇ ಸೇರಿರುವ ಪಿಡಿಎಫ್ ಮಾಡಿ ಕೊಡಿ, ಅದರಿಂದಲೇ ಅಚ್ಚು ಹಾಕಿ ಎಂದು ಹೇಳಿ. ಅವರು ಕೋರೆಲ್‌ನಲ್ಲಿ ವಿನ್ಯಾಸ ಮಾಡುವುದಾದರೆ ಅಕ್ಷರಗಳನ್ನು ಕರ್ವ್ಸ್ ಮಾಡಿಸಿ, ಅಂದರೆ ಅಕ್ಷರ ಬರೀ ಚಿತ್ರವಾಗುತ್ತದೆ, ಮತ್ತೆ ಕದಲುವುದಿಲ್ಲ. ಆಮೇಲೆ ತಿದ್ದಲು ಬರುವುದಿಲ್ಲ, ಮೂಲ ಫೈಲು ನಿಮ್ಮ ಹತ್ತಿರ ಇರಲಿ. ಇನ್‌ಡಿಸೈನ್ ಬಳಸುವ ಪ್ರೆಸ್ಸಾದರೆ ಪ್ಯಾರಾ ಸೆಟ್ಟಿಂಗಿನಲ್ಲಿ `Adobe World-Ready Paragraph Composer` ಆರಿಸಿದ್ದಾರೆಯೇ ಕೇಳಿ. ಅದಿಲ್ಲದಿದ್ದರೆ ಕನ್ನಡ, ಉರ್ದು ಎರಡೂ ಕೆಡಬಹುದು. ಕೆಟ್ಟದ್ದನ್ನು ಲಿಪಿ ಬಾರದವರೂ ಗುರುತಿಸಬಹುದು. ಉರ್ದು ಅಕ್ಷರಗಳು ಒಂದಕ್ಕೊಂದು ಕೂಡದೆ ಬಿಡಿಬಿಡಿಯಾಗಿ ನಿಂತಿರುತ್ತವೆ, ಕನ್ನಡದ ಒತ್ತು ಕೆಳಗಿಳಿಯದೆ ಅರ್ಧಾಕ್ಷರವಾಗಿ ಪಕ್ಕದಲ್ಲೇ ಉಳಿದಿರುತ್ತದೆ.

ಪ್ರೂಫ್ ಬಂದಾಗ ಕಣ್ಣಾಡಿಸಿ ಸರಿ ಎಂದು ಹೇಳಿ ಕಳಿಸಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಉರ್ದು ಓದುವ ಅಜ್ಜನನ್ನೋ ಮಸೀದಿಯ ಮೌಲ್ವಿ ಸಾಹೇಬರನ್ನೋ ಕೂರಿಸಿ ಉರ್ದು ಪುಟವನ್ನು ಗಟ್ಟಿಯಾಗಿ ಓದಿಸಿ. ನೀವು ಕೈಯಲ್ಲಿ ಕನ್ನಡ ಪುಟ ಹಿಡಿದು ಕೇಳಿ. ಅಂಕಿ ಬಂದಾಗ ಒಂದೊಂದೇ ಅಂಕಿ ಓದಲು ಹೇಳಿ. ಫೋನ್ ನಂಬರನ್ನು ಪ್ರೂಫ್ ನೋಡಿಕೊಂಡೇ ಮೊಬೈಲಿನಲ್ಲಿ ಒತ್ತಿ ಒಮ್ಮೆ ಕರೆ ಮಾಡಿ, ಮನೆಯ ಫೋನೇ ರಿಂಗಾಗಬೇಕು.

ಮಡಿಚುವ ಕಾರ್ಡಾದರೆ ಪುಟಗಳ ಜಾಗ ನಿರ್ಧರಿಸುವಾಗಲೂ ದಿಕ್ಕು ನೆನಪಿರಲಿ. ನಡುವೆ ಮಡಿಚಿದ ಕಾರ್ಡಿಗೆ ನಾಲ್ಕು ಮುಖ. ಕನ್ನಡದವರಿಗೆ ಮುಂದಿನ ಮುಖವಾದದ್ದು ಉರ್ದುವಿನವರಿಗೆ ಹಿಂದಿನ ಮುಖ. ಆದ್ದರಿಂದ ಮೊದಲನೆಯ ಮುಖದಲ್ಲಿ ಕನ್ನಡದ ಶೀರ್ಷಿಕೆ, ತೆರೆದಾಗ ಎಡಗಡೆ ಕಾಣುವ ಎರಡನೆಯ ಮುಖದಲ್ಲಿ ಕನ್ನಡದ ಒಕ್ಕಣೆ ಇರಲಿ. ಬಲಗಡೆಯ ಮೂರನೆಯ ಮುಖದಲ್ಲಿ ಉರ್ದುವಿನ ಒಕ್ಕಣೆ, ಹಿಂಬದಿಯ ನಾಲ್ಕನೆಯ ಮುಖದಲ್ಲಿ ಉರ್ದುವಿನ ಶೀರ್ಷಿಕೆ ಬರಲಿ. ಹೀಗಿಟ್ಟರೆ ಕಾರ್ಡನ್ನು ಯಾರು ಯಾವ ಕಡೆಯಿಂದ ಹಿಡಿದರೂ ಅವರವರ ಲಿಪಿಯೇ ಮೊದಲು ಎದುರಾಗುತ್ತದೆ. ಪ್ರೆಸ್ಸಿನವರಿಗೆ ಬಾಯಲ್ಲಿ ಹೇಳಿದರೆ ಮರೆಯುತ್ತಾರೆ, ಒಂದು ಬಿಳಿ ಹಾಳೆ ಮಡಿಚಿ ನಾಲ್ಕೂ ಮುಖಕ್ಕೆ ನಂಬರ್ ಹಾಕಿ, ಯಾವುದರಲ್ಲಿ ಯಾವ ಲಿಪಿ ಎಂದು ಬರೆದು ಪಿಡಿಎಫ್ ಜೊತೆಗೆ ಕೊಟ್ಟು ಬನ್ನಿ.